ವಾರದ ಲೆಕ್ಕ, ತಿಂಗಳ ಲೆಕ್ಕ: ಎರಡು ಸ್ಕ್ರೀನ್‌ಶಾಟ್‌ಗಳಿಂದ ಒಂದು ಗಣಿತ ಪಾಠ

ಎಂಟನೇ ತರಗತಿಗೆ ಸಮಾನುಪಾತ ಮತ್ತು ಸರಳ ಸಮೀಕರಣಗಳ ಪುನರಾವರ್ತನೆ ಪಾಠ ಮಾಡುವುದಿತ್ತು. ಅದಕ್ಕೆ ಬೋಧನೋಪಕರಣವಾಗಿ ನಾನು ಬಳಸಿದ್ದು ಎರಡು ಸ್ಕ್ರೀನ್‌ಶಾಟ್‌ಗಳನ್ನು. ತರಗತಿಯ ಒಬ್ಬ ವಿದ್ಯಾರ್ಥಿನಿಯ ಅಕ್ಕನಿಗೆ ಇಂಗ್ಲೆಂಡಿನ ಎರಡು ವಿಶ್ವವಿದ್ಯಾಲಯಗಳಲ್ಲಿ ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಪ್ರವೇಶ ಸಿಕ್ಕಿತ್ತು. ಶಿಕ್ಷಣ ಸಾಲದ ಮೊತ್ತ ನಿರ್ಧರಿಸಲು ಆ ಮನೆಯವರು ಇಟ್ಟುಕೊಂಡಿದ್ದ ಆಧಾರ ಈ ಎರಡು ಚಿತ್ರಗಳೇ. ಅವರ ಒಪ್ಪಿಗೆ ಪಡೆದು, ಹೆಸರುಗಳನ್ನು ಮುಚ್ಚಿ, ‘ಅ’ ಮತ್ತು ‘ಬ’ ಎಂದು ಗುರುತು ಹಾಕಿ ಪ್ರತಿ ಗುಂಪಿಗೂ ಒಂದೊಂದು ಪ್ರತಿ ಕೊಟ್ಟೆ.

‘ಅ’ ಚಿತ್ರದಲ್ಲಿ ಬೋಧನಾ ಶುಲ್ಕ 21,500 ಪೌಂಡ್. ಜೀವನ ವೆಚ್ಚ ತಿಂಗಳಿಗೆ: ಬಾಡಿಗೆ 650, ಊಟ 220, ಓಡಾಟ 60, ಇತರೆ 120, ಒಟ್ಟು 1,050. ‘ಬ’ ಚಿತ್ರದಲ್ಲಿ ಶುಲ್ಕ 19,800. ವೆಚ್ಚ ವಾರಕ್ಕೆ: ಬಾಡಿಗೆ 175, ಊಟ 50, ಓಡಾಟ 15, ಇತರೆ 20, ಒಟ್ಟು 260. ಕೆಳಗೆ ದಪ್ಪಕ್ಷರದಲ್ಲಿ ‘ಒಟ್ಟು ಜೀವನ ವೆಚ್ಚ 10,140’ ಎಂದಿತ್ತು.

“ಯಾವುದು ಅಗ್ಗ?” ಎಂದು ಕೇಳಿದೆ. ಐದು ಗುಂಪುಗಳೂ ‘ಬ’ ಎಂದವು. ಅವುಗಳ ಲೆಕ್ಕ ಹೀಗಿತ್ತು: ‘ಅ’ಗೆ 21,500 + 12,600 = 34,100; ‘ಬ’ಗೆ 19,800 + 10,140 = 29,940. ವ್ಯತ್ಯಾಸ 4,160 ಪೌಂಡ್. ಒಬ್ಬ ಹುಡುಗ ಇನ್ನೊಂದು ದಾರಿಯಿಂದಲೂ ಅದೇ ಉತ್ತರಕ್ಕೆ ಬಂದ: “ನಾಲ್ಕು ವಾರ ಅಂದ್ರೆ ಒಂದು ತಿಂಗಳು. 260 ನಾಲ್ಕಲಿ 1,040. ‘ಅ’ಕ್ಕಿಂತ ಹತ್ತು ಕಮ್ಮಿ ಅಲ್ವಾ ಸರ್?”

ಅವನ ಮಾತನ್ನೇ ಹಿಡಿದು ಮುಂದೆ ಹೋದೆ. ವರ್ಷಕ್ಕೆ ಎಷ್ಟು ವಾರ? 52. ನಾಲ್ಕು ವಾರದ ತಿಂಗಳುಗಳು ಹನ್ನೆರಡಾದರೆ 48 ವಾರ ಮಾತ್ರ. ಉಳಿದ ನಾಲ್ಕು ವಾರಗಳ ಬಾಡಿಗೆ ಯಾರು ಕೊಡುತ್ತಾರೆ? 260 × 52 ÷ 12 ಮಾಡಿದಾಗ ತಿಂಗಳಿಗೆ ಸುಮಾರು 1,127 ಬಂತು. ಹತ್ತು ಕಡಿಮೆ ಎಂದುಕೊಂಡದ್ದು 77 ಹೆಚ್ಚಾಯಿತು.

ನಂತರ 10,140ನ್ನು 260ರಿಂದ ಭಾಗಿಸಲು ಹೇಳಿದೆ. ಉತ್ತರ 39. ಅಂದರೆ ‘ಬ’ದ ಒಟ್ಟು ಮೊತ್ತ 39 ವಾರಗಳದ್ದು, ಸರಿಯಾಗಿ ಒಂಬತ್ತು ತಿಂಗಳು. ಪದವಿ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಊರಿಗೆ ಹೋಗುತ್ತಾರೆಂಬ ಎಣಿಕೆಯ ಮೇಲೆ ಅಲ್ಲಿ ಹೀಗೆ ತೋರಿಸುವುದುಂಟು. ವೀಸಾಕ್ಕೆ ತೋರಿಸಬೇಕಾದ ಜೀವನ ವೆಚ್ಚಕ್ಕೂ ಒಂಬತ್ತು ತಿಂಗಳೇ ಮಿತಿ. ಆದರೆ ಸ್ನಾತಕೋತ್ತರ ಕೋರ್ಸು ಬೇಸಿಗೆಯ ಪ್ರಬಂಧ ಸೇರಿ ಹನ್ನೆರಡು ತಿಂಗಳು ನಡೆಯುತ್ತದೆ. 260 × 52 = 13,520. ‘ಬ’ದ ಒಟ್ಟು 33,320 ಆಯಿತು. ವ್ಯತ್ಯಾಸ 4,160ರಿಂದ 780ಕ್ಕೆ ಇಳಿಯಿತು.

ಪಾಠದ ಜೀವಾಳ ಇಲ್ಲಿಂದ ಮುಂದೆ. ‘ಅ’ದ ಬಾಡಿಗೆಯ ಕೆಳಗೆ ವಿದ್ಯುತ್, ನೀರು, ಇಂಟರ್ನೆಟ್ ಸೇರಿವೆ ಎಂದಿತ್ತು, ‘ಬ’ದಲ್ಲಿ ಅವು ಪ್ರತ್ಯೇಕ ಎಂದು ಸಣ್ಣಕ್ಷರದಲ್ಲಿತ್ತು. ಎಷ್ಟೆಂದು ಇರಲಿಲ್ಲ. ಗೊತ್ತಿಲ್ಲದ್ದನ್ನು x ಎನ್ನೋಣ ಎಂದೆ. ವಾರದ ಬಿಲ್ x ಆದರೆ ಎರಡೂ ಸಮವಾಗುವುದು ಯಾವಾಗ?

```
52x = 780
x = 15
```

ವಾರಕ್ಕೆ 15 ಪೌಂಡಿಗಿಂತ ಕಡಿಮೆ ಬಿಲ್ ಬಂದರೆ ‘ಬ’ ಅಗ್ಗ, ಹೆಚ್ಚು ಬಂದರೆ ‘ಅ’ ಅಗ್ಗ. x ಇಲ್ಲಿ ಪರೀಕ್ಷೆಗಾಗಿ ಹುಟ್ಟಿದ ಅಕ್ಷರವಲ್ಲ, ಕೇಳಿ ತಿಳಿಯಬೇಕಾದ ಒಂದು ಬೆಲೆ ಎಂಬುದು ಮಕ್ಕಳಿಗೆ ಹೊಳೆಯಿತು. ಹಿಂದಿನ ಬೆಂಚಿನಿಂದ “ಹಾಗಾದ್ರೆ ಅಕ್ಕ ಇದನ್ನೇ ಇಮೇಲ್‌ನಲ್ಲಿ ಕೇಳ್ಲಿ” ಎಂಬ ಸಲಹೆ ಬಂತು. ಅಕ್ಕ ಕೇಳಿದ್ದಾರೆ.

ಇಂಥ ಪಾಠ ಮಾಡುವವರು ಚಿತ್ರದ ಅಂಚುಗಳನ್ನು ಮೊದಲು ನೋಡಬೇಕು. ‘ಬ’ದ ಮೊದಲ ಪ್ರತಿಯಲ್ಲಿ ತಲೆಬರಹ ಕತ್ತರಿಸಿಹೋಗಿತ್ತು, ಶುಲ್ಕ ಯಾವ ಶೈಕ್ಷಣಿಕ ವರ್ಷದ್ದು, ವಿದೇಶಿ ವಿದ್ಯಾರ್ಥಿಗಳಿಗೆ ಅನ್ವಯಿಸುವುದೇ ಎಂದು ತಿಳಿಯುವಂತಿರಲಿಲ್ಲ. ತಲೆಬರಹ, ಅಡಿಟಿಪ್ಪಣಿ ಸೇರಿಸಿ ಮತ್ತೆ ತೆಗೆಸಿಕೊಂಡ ಮೇಲಷ್ಟೇ ಪಾಠಯೋಜನೆಗೆ ಸೇರಿಸಿದೆ.

ಎರಡನೇ ಅವಧಿಯಲ್ಲಿ ಹೋಲಿಕೆ ಬಿಟ್ಟು ಬಜೆಟ್‌ಗೆ ಬಂದೆವು. ಎರಡೂ ಚಿತ್ರಗಳಲ್ಲಿ ಇಲ್ಲದ ಖರ್ಚುಗಳಿವೆ: ವೀಸಾ ಶುಲ್ಕ, ವಿಮಾನ, ಕೋಣೆಯ ಮುಂಗಡ, ಬ್ರಿಟನ್ ಸರ್ಕಾರದ ಆರೋಗ್ಯ ಶುಲ್ಕ. ಈ ಕೊನೆಯದು ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಕೋರ್ಸಿನ ವೀಸಾ ಕೋರ್ಸು ಮುಗಿದ ಮೇಲೂ ನಾಲ್ಕು ತಿಂಗಳು ಇರುವುದರಿಂದ ಒಂದೂವರೆ ವರ್ಷದ 1,164 ಕಟ್ಟಬೇಕು. ಇದು ಎರಡೂ ಕಡೆ ಒಂದೇ ಆದ್ದರಿಂದ ಹೋಲಿಕೆಯನ್ನು ಬದಲಿಸುವುದಿಲ್ಲ, ಸಾಲದ ಮೊತ್ತವನ್ನು ಬದಲಿಸುತ್ತದೆ. ಈ ಭೇದ ಹಿಡಿಯಲು ಮಕ್ಕಳಿಗೆ ಹೊತ್ತು ಬೇಕಾಯಿತು, ಅವಸರಪಡಿಸಲಿಲ್ಲ.

ರೂಪಾಯಿಗೆ ಪರಿವರ್ತನೆಯನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೆ. ಮೊದಲೇ ಮಾಡಿದ್ದರೆ ದೊಡ್ಡ ಸಂಖ್ಯೆಗಳ ನಡುವೆ 39 ವಾರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪೌಂಡಿಗೆ 115 ರೂಪಾಯಿ ಎಂದು ಇಟ್ಟುಕೊಂಡಾಗ ‘ಬ’ ಮತ್ತು ಆರೋಗ್ಯ ಶುಲ್ಕ ಸೇರಿ 34,484 ಪೌಂಡ್, ಅಂದರೆ ಸುಮಾರು 39.66 ಲಕ್ಷ ರೂಪಾಯಿ. ಬೆಲೆ 120ಕ್ಕೆ ಏರಿದರೆ ಇದಕ್ಕೆ ಸುಮಾರು 1.72 ಲಕ್ಷ ಸೇರುತ್ತದೆ. ಎರಡು ವಿಶ್ವವಿದ್ಯಾಲಯಗಳ ನಡುವೆ ಉಳಿದಿದ್ದ 780 ಪೌಂಡಿನ ಅಂತರ 115ರ ಲೆಕ್ಕದಲ್ಲಿ 89,700 ರೂಪಾಯಿ ಮಾತ್ರ. ಮೌಲ್ಯಮಾಪನಕ್ಕಾಗಿ, ಬೆಲೆ 110ಕ್ಕೆ ಇಳಿದಾಗಿನ ಮೊತ್ತವನ್ನೂ, ಸಾಲಕ್ಕೆ ಅರ್ಜಿ ಹಾಕುವ ಮೊದಲು ಕೇಳಬೇಕಾದ ಎರಡು ಪ್ರಶ್ನೆಗಳನ್ನೂ ಬರೆದು ತರಲು ಹೇಳಿದೆ.