ಟವರ್ ಹತ್ತಿರ ಇದ್ದರೆ ಎಷ್ಟು ವಿಕಿರಣ? ಒಂದು ಸಣ್ಣ ಲೆಕ್ಕ

ಮನೆಯ ಎದುರು ಮೊಬೈಲ್ ಟವರ್ ಬಂದರೆ ಮೊದಲು ಕೇಳುವ ಮಾತು "ವಿಕಿರಣ ಬರುತ್ತದೆ" ಎಂಬುದು. ಬರುವುದೇನೋ ನಿಜ. ಎಷ್ಟು ಬರುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಾಮರ್ಸ್ ಓದುವ ನಮಗೂ ಕ್ಯಾಲ್ಕುಲೇಟರ್ ಇದ್ದರೆ ಈ ಲೆಕ್ಕ ಕಷ್ಟವಲ್ಲ.

ಒಂದು ಆಂಟೆನಾ 20 ವ್ಯಾಟ್ ಹೊರಸೂಸುತ್ತದೆ ಎನ್ನೋಣ. ಟಾರ್ಚಿನ ಕನ್ನಡಿ ಬೆಳಕನ್ನು ಮುಂದಕ್ಕೆ ಕೂಡಿಸುವಂತೆ ಆಂಟೆನಾ ಕೂಡ ತರಂಗಗಳನ್ನು ಒಂದೇ ದಿಕ್ಕಿಗೆ ಕೂಡಿಸುತ್ತದೆ. ಇದು 50 ಪಟ್ಟು ಕೂಡಿಸಿದರೆ, ನೇರ ಎದುರಿಗೆ ನಿಂತವರ ಪಾಲಿಗೆ ಅದು 1000 ವ್ಯಾಟ್ ಇದ್ದಂತೆ. ದೂರ ಹೋದಂತೆ ಆ ಶಕ್ತಿ ಗೋಳದ ಮೇಲ್ಮೈಯಂತೆ ಹರಡುತ್ತದೆ. ಆದ್ದರಿಂದ 1000ವನ್ನು 4π ಮತ್ತು ದೂರದ ವರ್ಗದ ಗುಣಲಬ್ಧದಿಂದ ಭಾಗಿಸಬೇಕು. 50 ಮೀಟರ್ ದೂರದಲ್ಲಿ ಚದರ ಮೀಟರಿಗೆ ಸುಮಾರು 0.03 ವ್ಯಾಟ್ ಸಿಗುತ್ತದೆ.

ಇದು ಹೆಚ್ಚೋ ಕಡಿಮೆಯೋ? 900 ಮೆಗಾಹರ್ಟ್ಸ್ ತರಂಗಕ್ಕೆ ಅಂತರರಾಷ್ಟ್ರೀಯ ಮಿತಿ 4.5 ವ್ಯಾಟ್. ಭಾರತ ಸರ್ಕಾರ 2012ರ ಸೆಪ್ಟೆಂಬರ್ 1ರಿಂದ ಅದನ್ನು ಹತ್ತನೇ ಒಂದಕ್ಕೆ, ಅಂದರೆ 0.45ಕ್ಕೆ ಇಳಿಸಿತು. ನಮ್ಮ ಉತ್ತರ ಈ ಕಡಿಮೆ ಮಿತಿಗೂ ಹದಿನಾಲ್ಕನೇ ಒಂದು ಪಾಲು.

ಆದರೆ ದೂರವನ್ನು 10 ಮೀಟರ್ ಎಂದು ಹಾಕಿ ನೋಡಿ: 0.8 ಬರುತ್ತದೆ, ಮಿತಿ ದಾಟಿತು! ಈ ಆಂಟೆನಾದ ನೇರ ಎದುರಿಗೆ ಸುಮಾರು 13 ಮೀಟರ್ ಒಳಗೆ ಜನ ಇರಬಾರದು. ಹಾಗಾಗಿ ಟವರಿನ ಬುಡದಲ್ಲಿರುವ ಮನೆಗಿಂತ ಆಂಟೆನಾದಷ್ಟೇ ಎತ್ತರದಲ್ಲಿ, ಅದರ ಮುಖದೆದುರು ಬಟ್ಟೆ ಒಣಗಿಸುವ ಪಕ್ಕದ ತಾರಸಿಯನ್ನು ಮೊದಲು ನೋಡಬೇಕು. ಬುಡಕ್ಕೆ ಟಾರ್ಚಿನ ಬೆಳಕು ಬೀಳುವುದೇ ಕಡಿಮೆ. ಒಂದೇ ಕಂಬದಲ್ಲಿ ನಾಲ್ಕೈದು ಆಂಟೆನಾಗಳಿದ್ದರೆ ಪ್ರತಿಯೊಂದೂ ತನ್ನ ಮಿತಿಯ ಎಷ್ಟನೇ ಪಾಲು ಎಂದು ನೋಡಿ ಕೂಡಿಸಬೇಕು. ಮೊತ್ತ 1 ದಾಟಬಾರದು. ಗೋಡೆಗೆ ಬಡಿದು ಮರಳುವ ತರಂಗ ಈ ಲೆಕ್ಕಕ್ಕೆ ಸಿಗದು, ಅದಕ್ಕೆ ಮೀಟರ್ ಇಟ್ಟೇ ಅಳೆಯಬೇಕು. ದೂರಸಂಪರ್ಕ ಇಲಾಖೆಯ 'ತರಂಗ ಸಂಚಾರ' ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ಅಳತೆ ಮಾಡಿಸಬಹುದು.

ಕಿವಿಗೆ ಒತ್ತಿಕೊಂಡ ಫೋನಿಗೆ ಬೇರೆ ಅಳತೆ. ಅದು ಎಸ್‌ಎಆರ್, ಅಂದರೆ ದೇಹದ ಒಂದು ಕಿಲೋ ಅಂಗಾಂಶ ಹೀರಿಕೊಳ್ಳುವ ಶಕ್ತಿಯ ದರ. ನಮ್ಮಲ್ಲಿ ಮಿತಿ 1.6 ವ್ಯಾಟ್, ಇದನ್ನು ಒಂದು ಗ್ರಾಂ ಅಂಗಾಂಶದ ಸರಾಸರಿಯಾಗಿ ಅಳೆಯುತ್ತಾರೆ. *#07# ಒತ್ತಿದರೆ ಬಹಳಷ್ಟು ಫೋನುಗಳು ತಮ್ಮ ಅಂಕಿ ತೋರಿಸುತ್ತವೆ. ಅದು ಪೂರ್ತಿ ಶಕ್ತಿಯಲ್ಲಿ ಪರೀಕ್ಷಿಸಿದ ಅಂಕಿ. ಸಿಗ್ನಲ್ ಚೆನ್ನಾಗಿದ್ದರೆ ಫೋನು ತನ್ನ ಶಕ್ತಿ ತಗ್ಗಿಸುತ್ತದೆ, ಒಂದೇ ಕಡ್ಡಿ ಇದ್ದರೆ ಏರಿಸುತ್ತದೆ. ಟವರ್ ಬೇಡವೆಂದು ದೂರ ಓಡಿಸಿದ ಓಣಿಯಲ್ಲಿ ತಲೆಗೆ ಬೀಳುವ ಪಾಲು ಹೆಚ್ಚಾಗುವುದೂ ಉಂಟು.

ಇನ್ನು ಕ್ಯಾನ್ಸರ್ ಭಯ. ಈ ತರಂಗಗಳಿಗೆ ಎಕ್ಸ್‌ರೇಯಂತೆ ಡಿಎನ್‌ಎ ಕೊಂಡಿ ಮುರಿಯುವ ಬಲವಿಲ್ಲ. ದೃಢಪಟ್ಟಿರುವ ಮುಖ್ಯ ಪರಿಣಾಮ ಬಿಸಿಯಾಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2011ರಲ್ಲಿ ಇವನ್ನು 'ಬಹುಶಃ ಕಾರಣವಾಗಬಹುದು' ಎಂಬ 2ಬಿ ಗುಂಪಿಗೆ ಸೇರಿಸಿದ್ದು ನಿಜ. ಆ ಗುಂಪಿಗೆ ಸೇರಿಸುವುದು ಸಾಕ್ಷ್ಯ ಸೀಮಿತವಾಗಿದ್ದಾಗ. ಆಗ ಮುಖ್ಯವಾಗಿ ನೋಡಿದ ಸಾಕ್ಷ್ಯವೂ ಕಿವಿಗೆ ಹಿಡಿದ ಫೋನಿನದು, ಟವರಿನದಲ್ಲ. ಹೆಚ್ಚು ಮಾತಾಡುವವರು ಇಯರ್‌ಫೋನ್ ಹಾಕಿ ಫೋನನ್ನು ಒಂದಡಿ ದೂರ ಇಟ್ಟರೆ ತಲೆಗೆ ಬೀಳುವುದು ಬಹಳ ಕಡಿಮೆಯಾಗುತ್ತದೆ. ಇಲ್ಲೂ ಕೆಲಸ ಮಾಡುವುದು ದೂರವೇ.