ನಾಲ್ಕು ವೀಡಿಯೊಗಳೂ ಉದ್ದನೆಯ ಬಾಲವೂ

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಣ ಬದುಕನ್ನು ಕುರಿತು ವಿದ್ಯಾರ್ಥಿಯೊಬ್ಬನು 20 ವೀಡಿಯೊಗಳನ್ನು ತೆಗೆದು ಯೂಟ್ಯೂಬಿನಲ್ಲಿ ಹಾಕಿದನೆಂದು ಭಾವಿಸೋಣ. ಒಂದು ವರ್ಷದಲ್ಲಿ ಅವುಗಳಿಗೆ ದೊರೆತ ಒಟ್ಟು ವೀಕ್ಷಣೆ 1,00,000. ಸರಾಸರಿ ಒಂದಕ್ಕೆ 5,000 ಆಯಿತು. ಆದರೆ ಈ ಸರಾಸರಿಯು ನಮಗೆ ಏನನ್ನೂ ತಿಳಿಸದು.

ಅದಕ್ಕೆ ಬದಲಾಗಿ ವೀಡಿಯೊಗಳನ್ನು ವೀಕ್ಷಣೆಯ ಇಳಿಕೆಯ ಕ್ರಮದಲ್ಲಿ ಬರೆದು, ಮೇಲಿನಿಂದ ಕೂಡುತ್ತ ಹೋಗೋಣ. ಮೊದಲನೆಯದು 38,000, ಎರಡನೆಯದು 22,000, ಮೂರನೆಯದು 12,000, ನಾಲ್ಕನೆಯದು 8,000. ನಾಲ್ಕೂ ಸೇರಿ 80,000. ಎಂದರೆ ನೂರಕ್ಕೆ 20ರಷ್ಟು ವೀಡಿಯೊಗಳು ನೂರಕ್ಕೆ 80ರಷ್ಟು ವೀಕ್ಷಣೆಯನ್ನು ತಂದಿವೆ. ಇಂತಹ ಅಸಮ ಹಂಚಿಕೆಯನ್ನು 19ನೆಯ ಶತಮಾನದ ಕೊನೆಯಲ್ಲಿ ಜನರ ವರಮಾನದಲ್ಲಿ ಗುರುತಿಸಿದವನು ಇಟಲಿಯ ಅರ್ಥಶಾಸ್ತ್ರಜ್ಞ ಪರೇಟೊ. 80 ಮತ್ತು 20 ಪ್ರಕೃತಿನಿಯಮಗಳಲ್ಲ. ಮತ್ತೊಂದು ಪಟ್ಟಿಯಲ್ಲಿ ಅವು 70 ಮತ್ತು 10 ಆಗಬಹುದು. ಹೆಚ್ಚು ಜನ ನೋಡಿದುದನ್ನೇ ಇನ್ನೂ ಹೆಚ್ಚು ಜನರ ಮುಂದೆ ಇಡುವ ಏರ್ಪಾಡಿನಲ್ಲಿ ಮೊದಲಿನ ಸಣ್ಣ ಅಂತರವು ಬೆಳೆಯುತ್ತ ಹೋಗುವುದು ಸಹಜ.

ಉಳಿದ 16 ವೀಡಿಯೊಗಳೇ ‘ಉದ್ದನೆಯ ಬಾಲ’. ಅವುಗಳನ್ನು ಅಳಿಸಿಬಿಡೋಣವೆಂದು ವಿದ್ಯಾರ್ಥಿಗೆ ತೋರಬಹುದು. ಅದಕ್ಕೆ ಮೊದಲು ಅವುಗಳ ವಯಸ್ಸನ್ನು ನೋಡತಕ್ಕದ್ದು. ಕಳೆದ ವಾರ ಹಾಕಿದುದನ್ನು ವರ್ಷದ ಹಿಂದಿನದರೊಡನೆ ತೂಗುವುದು ನ್ಯಾಯವಲ್ಲ. ಪ್ರತಿಯೊಂದರ ಮೊದಲ 28 ದಿನಗಳನ್ನು ಮಾತ್ರ ಹೋಲಿಸಿದರೆ ಈ ದೋಷ ಬಹುಮಟ್ಟಿಗೆ ನೀಗುವುದು.

ಬಳಿಕ ಬಾಲದಿಂದ ಮೂರನ್ನು ಆರಿಸಿಕೊಂಡು ಪರೀಕ್ಷಿಸೋಣ. ಹಳೆಯ ಮೋಟಾರು ಭಾಗಗಳ ದುರಸ್ತಿಯ ವೀಡಿಯೊಗೆ ದೊರೆತದ್ದು 1,080 ವೀಕ್ಷಣೆ ಮಾತ್ರ. ಆದರೆ ಅದು ತಿಂಗಳಿಗೆ ಸುಮಾರು 90ರಂತೆ, ಹುಡುಕಿಕೊಂಡು ಬಂದವರಿಂದಲೇ ದೊರೆತಿದೆ. ಸಂತ ಮೇರಿ ಬೆಸಿಲಿಕದ ಹಬ್ಬದ ವೀಡಿಯೊಗೆ 1,200. ಅದರಲ್ಲಿ 900 ಸೆಪ್ಟೆಂಬರಿನಲ್ಲಿ ಬಂದವು. ಹಬ್ಬವು ಪ್ರತಿವರ್ಷ ಸೆಪ್ಟೆಂಬರ್ 8ರಂದು ನಡೆಯುವುದರಿಂದ ಅದು ಮತ್ತೆ ಚಿಗುರೀತು. ಇವೆರಡನ್ನೂ ಉಳಿಸಬೇಕು. ಮೂರನೆಯದರ ಮುಖಚಿತ್ರವು 60,000 ಸಲ ಜನರ ಕಣ್ಣಿಗೆ ಬಿದ್ದರೂ ಅದನ್ನು ಒತ್ತಿದವರು 600, ಎಂದರೆ ನೂರಕ್ಕೆ ಒಂದು. ಉಳಿದವುಗಳಲ್ಲಿ ಈ ಪ್ರಮಾಣ ನೂರಕ್ಕೆ ನಾಲ್ಕಿದ್ದರೆ, ಇದರ ತಲೆಬರಹ ಇಲ್ಲವೆ ಮುಖಚಿತ್ರದಲ್ಲಿ ಕೊರತೆಯಿರುವ ಸಂಭವ ಹೆಚ್ಚು. ಎರಡರಲ್ಲಿ ಒಂದನ್ನು ಮಾತ್ರ ಬದಲಿಸಿ ಕೆಲವು ವಾರ ಕಾಯತಕ್ಕದ್ದು; ಎರಡನ್ನೂ ಒಮ್ಮೆಗೇ ಬದಲಿಸಿದರೆ ಫಲ ಯಾವುದರಿಂದ ಬಂದಿತೆಂದು ತಿಳಿಯದು. ಒತ್ತಿದವರು ಮೊದಲ ಅರ್ಧ ನಿಮಿಷದಲ್ಲೇ ಬಿಟ್ಟುಹೋಗುತ್ತಿದ್ದರೆ ಮಾತ್ರ ಕೊರತೆ ಒಳಗಿನ ವಸ್ತುವಿನದು. ಅದನ್ನು ಹೊಸದಾಗಿ ತೆಗೆಯಬೇಕು.

ಮೇಲಿನ ನಾಲ್ಕು ವೀಡಿಯೊಗಳ ಕೊನೆಯಲ್ಲಿ ಬಾಲದ ಸಂಬಂಧಪಟ್ಟ ವೀಡಿಯೊಗೆ ಕೊಂಡಿ ಕೊಡುವುದು ಉಳಿದ ಕೆಲಸ. ಮೋಟಾರು ಅಂಗಡಿಗಳ ಬೀದಿಯನ್ನು ನೋಡಿದವನಿಗೆ ದುರಸ್ತಿಯ ಪಾಠವೂ ಬೇಕಾಗಬಹುದಷ್ಟೆ. ಹೀಗೆ ಪಟ್ಟಿಯು ಬಾಲ ಎಲ್ಲಿಂದ ಮೊದಲಾಗುವುದೆಂಬುದನ್ನು ತೋರಿಸುತ್ತದೆ. ಅದರಲ್ಲಿ ಯಾವುದು ಜೀವಂತ, ಯಾವುದು ನಿರ್ಜೀವ ಎಂಬುದನ್ನು ಒಂದೊಂದನ್ನೇ ನೋಡಿ ನಾವೇ ತಿಳಿಯಬೇಕು.