ಸಹಿ ನನ್ನದು, ನೆಮ್ಮದಿ ಅಮ್ಮನದು

ಪ್ರಶ್ನೆ: ನಮ್ಮ ಬ್ಯಾಂಕಿನ ಶಾಲಾ ಮಕ್ಕಳ ಉಳಿತಾಯ ಖಾತೆಗೆ ‘ಇಂದಿನ ಉಳಿತಾಯ, ನಾಳಿನ ಭವಿಷ್ಯ’ ಎಂಬ ಘೋಷವಾಕ್ಯ ಬರೆದಿದ್ದೇವೆ. ಮಕ್ಕಳು ತಿರುಗಿಯೂ ನೋಡುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಸಾಲು ಹೆತ್ತವರ ಜತೆ ಮಾತ್ರ ಮಾತಾಡುತ್ತಿದೆ. ಐದನೇ ಕ್ಲಾಸಿನ ಹುಡುಗಿಗೆ ತನ್ನ ಹೆಸರಿರುವ ಪಾಸ್‌ಬುಕ್ ಬೇಕು. ಅಮ್ಮನಿಗೆ ದುಡ್ಡು ಪೋಲಾಗದೆಂಬ ಭರವಸೆ ಬೇಕು. ಎರಡನ್ನೂ ಮಗುವಿನ ಬಾಯಲ್ಲೇ ಹೇಳಿಸಿ: ‘ಸಹಿ ನನ್ನದು, ನೆಮ್ಮದಿ ಅಮ್ಮನದು.’

ಆದರೆ ರಿಸರ್ವ್ ಬ್ಯಾಂಕ್ ನಿಯಮದಂತೆ, ಸ್ವತಃ ಖಾತೆ ನಡೆಸಲು ಮಗುವಿಗೆ 10 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರ ಪರವಾಗಿ ಪೋಷಕರೇ ಸಹಿ ಹಾಕುವುದರಿಂದ, ಆ ಮಕ್ಕಳಿಗೆ ‘ಸಹಿ ನನ್ನದು’ ಎಂಬುದನ್ನು ‘ಪಾಸ್‌ಬುಕ್ ನನ್ನದು’ ಎಂದು ಬದಲಿಸಿ.

ಮುದ್ರಿಸುವ ಮುನ್ನ ಕೆಲವು ಮಕ್ಕಳಿಗೆ ಒಮ್ಮೆ ಓದಿ ಹೇಳಿ, ಮರುದಿನ ಕೇಳಿ. ನೆನಪಿಲ್ಲದಿದ್ದರೆ ಸಾಲು ಇನ್ನೂ ಚಿಕ್ಕದಾಗಬೇಕು. ಬಡ್ಡಿ, ಬಹುಮಾನದ ಮಾತು ಸೇರಿಸುವುದಾದರೆ ಬ್ಯಾಂಕಿನ ಕಾನೂನು ಸಲಹೆಗಾರರಿಗೆ ಮೊದಲೇ ತೋರಿಸಿ.